ಫೋಟೋ ನೋಡಿ ರೂಮ್ ಜೋಡಿಸೋದು, ಮೂರನೇ ರೂಮ್: ಅಕ್ಕನ ಮನೆ

ಈ ಸಲದ್ದು ಅಕ್ಕನ ಮನೆ ಬೆಡ್‌ರೂಮ್. ಅಲ್ಲಿ ಅವಳ ಅತ್ತೆ ಮತ್ತೆ ಪಿಯುಸಿ ಓದ್ತಿರೋ ಮಗಳು ಮಲಗ್ತಾರೆ, ಈಗ ಮಗಳಿಗೆ ಓದೋಕೆ 4 ಅಡಿ ಟೇಬಲ್ ಬೇಕು, ಆದ್ರೆ "ಜಾಗನೇ ಇಲ್ಲ ಕಣೋ" ಅಂತ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದು ಕಳಿಸಿದ್ಲು. ನನಗೆ ಫೋಟೋ ಎಡಿಟಿಂಗ್ ಬರಲ್ಲ, ಬಂದ್ರೂ ಫೋಟೋದಲ್ಲಿ ಮಂಚ ಎಳೆದು ಬೇರೆ ಕಡೆ ಅಂಟಿಸಿದ್ರೆ ಅಳತೆ ಸುಳ್ಳಾಗತ್ತೆ. ಹಾಗಾಗಿ ಎಂದಿನ ಹಾಗೆ ಮಾತು, ಮತ್ತೆ ವಾಟ್ಸಾಪಲ್ಲಿ ಟೈಪ್ ಮಾಡಿದ ಪ್ಲಾನು, ಅಷ್ಟೇ.

ದಿನ 1

ಅಳತೆಗೆ ನೆಲದ ಟೈಲ್ಸೇ ಗತಿ. ಒಂದೊಂದು 2 ಅಡಿ ಚೌಕ ಅಂತ ಫೋನಲ್ಲಿ ಕೇಳಿ ಖಾತ್ರಿ ಮಾಡ್ಕೊಂಡೆ. ಅಡ್ಡಕ್ಕೆ 5, ಉದ್ದಕ್ಕೆ 6, ಅಂದ್ರೆ 10 x 12. ದೂರ ಹೋದಷ್ಟೂ ಟೈಲ್ ಚಿಕ್ಕದಾಗಿ ಕಾಣತ್ತೆ, ಆದ್ರೂ ಎಣಿಕೆ ಬದಲಾಗಲ್ವಲ್ಲ.

ಆದ್ರೂ ಎಡವಿದೆ. ಫೋಟೋದಲ್ಲಿ ಹಾಸಿಗೆಯ ಆಚೆ ಅಂಚು ಕಿಟಕಿ ಗೋಡೆಗೆ ತಾಗಿದ ಹಾಗೇ ಕಾಣ್ತಿತ್ತು, ನಾನೂ ಮಂಚ ಗೋಡೆಗೇ ಒತ್ತಿದೆ ಅಂದ್ಕೊಂಡು, ಟೇಬಲ್ ನಮ್ಮ ಕಡೆ ಬಲ ಮೂಲೆಗೆ ಹಾಕಿಬಿಡು ಅಂತ ಬರೆದೆ. ತಕ್ಷಣ ಫೋನ್ ಬಂತು. "ಅಲ್ಲಿ ಬಾತ್‌ರೂಮ್ ಬಾಗ್ಲು ಇದೆ ಕಣೋ, ಅತ್ತೆ ರಾತ್ರಿ ಟೇಬಲ್ ಹತ್ತಿ ಇಳೀಬೇಕಾ?" ಫೋಟೋ ತೆಗೆದವಳ ಬೆನ್ನ ಹಿಂದಿನ ಗೋಡೆ ಫೋಟೋದಲ್ಲಿ ಹೆಂಗಿರತ್ತೆ! ಆಚೆ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆಗೆ ಇನ್ನೊಂದು ತೆಗಿ ಅಂತ ಹೇಳಿದೆ. ಇದು ಮೊದಲೇ ಕೇಳ್ಬೇಕಿತ್ತು, ಹೋದ ಸಲಾನೂ ಇದೇ ತಪ್ಪು ಮಾಡಿದ್ದೆ.

ದಿನ 2

ಮೊದಲ ಫೋಟೋನೇ ಮತ್ತೆ ನೋಡ್ದೆ, ಈ ಸಲ ಹಾಸಿಗೆ ಬಿಟ್ಟು ಮಂಚದ ಕಾಲು ನೆಲಕ್ಕೆ ಎಲ್ಲಿ ಊರಿದೆ ಅಂತ. ಕ್ಯಾಮೆರಾ ಎದೆ ಎತ್ತರದಲ್ಲಿರತ್ತೆ, ಹಾಸಿಗೆ ನೆಲದಿಂದ ಮೇಲಿರತ್ತೆ, ಹಾಗಾಗಿ ಅದು ಹಿಂದಿನ ನೆಲನೆಲ್ಲ ಮುಚ್ಚಿಬಿಡತ್ತೆ. ಕಾಲ್ಕಡೆಯ ಆಚೆ ಮೂಲೆ ಕಾಲಿಂದ ಕಿಟಕಿ ಗೋಡೆವರೆಗೆ ಎಣಿಸಿದ್ರೆ ಒಂದೂವರೆ ಟೈಲು, ಅಂದ್ರೆ ಪೂರ್ತಿ 3 ಅಡಿ ಖಾಲಿ! ಈಚೆ ಕಡೆ 2 ಟೈಲು, 4 ಅಡಿ. ಮಂಚ ನಡುವೆ ಕೂತು ಎರಡೂ ಕಡೆ ಅರೆಬರೆ ಜಾಗ ಬಿಟ್ಟಿತ್ತು. ಕಿಟಕಿ ಗೋಡೆಯ ಬಲ ಮೂಲೇಲಿದ್ದ ಬೀರು ಬಾಗ್ಲು ಹಾಸಿಗೆಗೆ ತಾಗಿ ಪೂರ್ತಿ ತೆಗೆಯೋಕೆ ಆಗ್ತಿರ್ಲಿಲ್ವಂತೆ, ಅದನ್ನೂ ಈಗ ಹೇಳಿದ್ಲು.

ಕಿಟಕಿ ಉತ್ತರಕ್ಕೆ, ತಲೆ ಉತ್ತರಕ್ಕೆ ಹಾಕೋ ಹಾಗಿಲ್ಲ, ಆದ್ರಿಂದ ಮಂಚ ತಿರುಗಿಸೋ ಮಾತೇ ಬಂದಿಲ್ಲ. ತಲೆ ಪೂರ್ವದ ಗೋಡೆಗೇ ಇರ್ಲಿ, ಈಚೆಗೆ ಜರುಗಿಸಿದ್ರೆ ಸಾಕು.

ಪ್ಲಾನ್ ಕಳಿಸಿದ್ದು ಹೀಗೆ. ಒಂದು ಸಾಲು 1 ಅಡಿ, ಅಡ್ಡಕ್ಕೆ ಎರಡು ಅಕ್ಷರ 1 ಅಡಿ, ಯಾಕಂದ್ರೆ ಅಕ್ಷರದ ಎತ್ತರ ಅಗಲದ ಸುಮಾರು ಎರಡರಷ್ಟು, ಒಂದಕ್ಕೊಂದು ಹಾಕಿದ್ರೆ ರೂಮು ಉದ್ದುದ್ದ ಕಾಣತ್ತೆ. ಮೊದಲು ಮಂಚಕ್ಕೆ "ಮ", ಬೀರುಗೆ "ಬ" ಅಂತ ಹಾಕಿದ್ದೆ, ಕನ್ನಡ ಅಕ್ಷರದ ಅಗಲ ಒಂದೊಂದೂ ಬೇರೆ ಆಗಿ ಗೋಡೆ ಸೊಟ್ಟಗಾಯ್ತು. ಅಂಕಿ ಹಾಕಿ, ಎಲ್ಲಾ ಒಂದೇ ಅಗಲ ಬರ್ಲಿ ಅಂತ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ ಕೊಟ್ಟ ಮೇಲೆ ಸರಿಹೋಯ್ತು.

```
+------========------+
|222         33333333|
|222         33333333|
|222            44   |
|                    |
|                    |
|       1111111111111|
|       1111111111111|
|       1111111111111|
|       1111111111111|
|       1111111111111|
|                    |
|                    |
+-......-------.....-+
```

ಮೇಲಿನ == ಕಿಟಕಿ, ಕೆಳಗೆ ಚುಕ್ಕಿ ಇರೋದು ಬಾಗ್ಲು, ಎಡಕ್ಕೆ ರೂಮಿಂದು, ಬಲಕ್ಕೆ ಬಾತ್‌ರೂಮಿಂದು. 1 ಮಂಚ, 2 ಬೀರು, 3 ಟೇಬಲ್, 4 ಕುರ್ಚಿ. ಬರೀ ಎಡ ಬಲ ಅಂದ್ರೆ ಯಾರ ಎಡ ಅಂತ ಜಗಳ ಆಗತ್ತೆ, ಹಾಗಾಗಿ ಎಲ್ಲಾ "ಬಾಗಿಲಲ್ಲಿ ನಿಂತು ಕಿಟಕಿ ನೋಡ್ತಾ" ಅಂತಾನೇ ಬರೆದೆ. ಕೂತು ಬರೆಯುವಾಗ ಬೆಳಕು ಎಡಗಡೆಯಿಂದ ಬರತ್ತೆ, ಬಲಗೈಯಲ್ಲಿ ಬರೆಯೋಳಿಗೆ ಅನುಕೂಲ.

ದಿನ 4

ಅತ್ತೆಯವರ ತಕರಾರು ಬಂತು. ಮಂಚದ ಈಚೆ 2 ಅಡಿ ಸಾಲದು, ಕತ್ತಲಲ್ಲಿ ಗೋಡೆಗೆ ಭುಜ ತಾಗತ್ತೆ ಅಂತ. ಅವರು ಹೇಳಿದ್ದು ಸರಿನೇ. ಅರ್ಧ ಅಡಿ ಆಚೆ ತಳ್ಳಿ, ಕುರ್ಚಿಗೆ ಎರಡೂವರೆ, ಓಡಾಟಕ್ಕೆ ಎರಡೂವರೆ ಅಂತ ಮಾಡಿದ್ವಿ. ಅರ್ಧ ಅಡಿ ಪ್ಲಾನಲ್ಲಿ ತೋರಿಸೋಕಾಗಲ್ಲ, ಹಾಗಾಗಿ ಮಾತಲ್ಲೇ ಹೇಳಿದೆ: "ಮಂಚದ ಕಾಲು ಈಗಿರೋ ಕಡೆಯಿಂದ ಮುಕ್ಕಾಲು ಟೈಲ್ ಬಾಗಿಲ ಕಡೆಗೆ." ಅಂದ್ರೆ ಇಷ್ಟೆಲ್ಲ ಗಲಾಟೆ ಮಾಡಿ ಮಂಚ ಸರಿದಿದ್ದು ಒಂದೂವರೆ ಅಡಿ!

ಕೆಲಸದ ಕ್ರಮಾನೂ ಬರೆದುಕೊಟ್ಟೆ, ಮೊದಲು ಮಂಚ, ಇಲ್ಲಾಂದ್ರೆ ಬೀರು ಸರಿಸೋಕೆ ನಿಲ್ಲೋಕೇ ಜಾಗ ಇಲ್ಲ, ಆಮೇಲೆ ಬೀರು ಖಾಲಿ ಮಾಡಿ ಕಾಲ ಕೆಳಗೆ ಗೋಣಿಚೀಲ ಹಾಕಿ ಗೋಡೆ ಪಕ್ಕಾನೇ ಎಡ ಮೂಲೆಗೆ ಎಳೆಯೋದು, ಕೊನೆಗೆ ಟೇಬಲ್.

ಭಾನುವಾರ

ಭಾವ ಮತ್ತೆ ಪಕ್ಕದ ಮನೆ ಹುಡುಗ ಸೇರಿ ಎಳೆದಿದಾರೆ. ಟೇಬಲ್ ಲ್ಯಾಂಪಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ತರ್ಬೇಕು ಅಂತ ನಾನು ಪಟ್ಟಿಯಲ್ಲಿ ಬರೆದಿದ್ದೆ, ಬೇಕಾಗ್ಲಿಲ್ಲ. ಬೀರು ಸರಿಸಿದ್ರೆ ಅದರ ಹಿಂದೆ ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಇತ್ತಂತೆ, ಮನೇಲಿ ಯಾರಿಗೂ ನೆನಪಿರ್ಲಿಲ್ಲ.