ಭಾವನ ಡೈರಿಯಿಂದ ಇಂಗ್ಲಿಷ್ ಪತ್ರ: ಮೂರನೇ ಕರಡು

ಭಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲಾಜಿಸ್ಟಿಕ್ಸ್ ಮ್ಯಾನೇಜರ್. ಅವರ ಕನ್ನಡ ಟಿಪ್ಪಣಿಗಳಿಂದ ಇಂಗ್ಲಿಷ್ ಪತ್ರ ಬರೆದುಕೊಡಲು ಶುರು ಮಾಡಿ ಎರಡು ತಿಂಗಳಾಯಿತು. ಈ ವಾರ ಮೊದಲ ಸಲ ಕ್ಷಮಾಪಣೆ ಪತ್ರ ಬಂತು. ಮೂರು ಸಲ ತಿದ್ದಿದೆ.

ಪತ್ರ ಹೋಗಬೇಕಿದ್ದದ್ದು ಪುಣೆ ಹತ್ತಿರದ ಚಾಕಣ್‌ನ ಗ್ರಾಹಕರಿಗೆ. ಗುರುವಾರ ಮಧ್ಯಾಹ್ನ ಭಾವ ಕಳಿಸಿದ್ದು ಇಷ್ಟೇ: "ಚಾಕಣ್ ಪಾರ್ಟಿ. ಇವತ್ತು ಮುಟ್ಟಬೇಕಿತ್ತು. ದಾವಣಗೆರೆ ಹತ್ತಿರ ಗಾಡಿ ಕೈಕೊಡ್ತು, ಕ್ಲಚ್ ಪ್ಲೇಟ್ ಸುಟ್ಟಿದೆ. ಬೇರೆ ಗಾಡಿ ಈಗ ಸಿಕ್ತು. ಹೇಳೋದು ತಡ ಆಯ್ತು. ನಾಳೆ ನಾಡಿದ್ದರಲ್ಲಿ ಮುಟ್ಟುತ್ತೆ."

ಮೊದಲ ಕರಡಿನಲ್ಲಿ ಸಾಲಿಗೆ ಸಾಲು ಇಂಗ್ಲಿಷ್ ಮಾಡಿದೆ. "ಹೇಳೋದು ತಡ ಆಯ್ತು" ಅನ್ನುವಲ್ಲಿ ಸಿಕ್ಕಿಬಿದ್ದೆ. ಕನ್ನಡದಲ್ಲಿ ಅದು ಸಹಜ ಮಾತು, ಯಾರು ತಡ ಮಾಡಿದರು ಅಂತ ಹೇಳಬೇಕಿಲ್ಲ. ಹಾಗೇ ಇಂಗ್ಲಿಷಿಗೆ ತಂದರೆ ನುಣುಚಿಕೊಂಡ ಹಾಗೆ ಓದಿಸುತ್ತದೆ. ಭಾವನಿಗೆ ಫೋನ್ ಮಾಡಿದೆ.

"ಗಾಡಿ ನಿಂತದ್ದು ಯಾವಾಗ?"

"ಮಂಗಳವಾರ ರಾತ್ರಿ ಹನ್ನೊಂದಕ್ಕೆ. ಡ್ರೈವರ್ ಆಗಲೇ ಹೇಳಿದ್ದ ಕಣೋ."

"ಪಾರ್ಟಿಗೆ ನೀವು ಹೇಳಿದ್ದು?"

"ಇವತ್ತು ಅವರೇ ಕೇಳಿದಾಗ."

ಅಂದರೆ ಒಂದೂವರೆ ದಿನ ಪಾರ್ಟಿಯವರು ಸುಮ್ನೆ ಕಾದಿದ್ದರು. ನಿಜವಾದ ತಪ್ಪು ಕ್ಲಚ್‌ದಲ್ಲ, ಇದೇ. ಎರಡನೇ ಕರಡಿನಲ್ಲಿ ಇದೇ ಮೊದಲ ಪ್ಯಾರಾ ಆಯಿತು: ವಿ ನ್ಯೂ ಆನ್ ಟ್ಯೂಸ್‌ಡೇ ನೈಟ್. ವಿ ಶುಡ್ ಹ್ಯಾವ್ ಟೋಲ್ಡ್ ಯು ದೆನ್. ಕ್ಲಚ್‌ಗೆ ಒಂದೇ ಸಾಲು.

ಮೂರನೇ ಕರಡು "ನಾಳೆ ನಾಡಿದ್ದು" ಅನ್ನುವುದನ್ನು ತಾರೀಖು ಮಾಡಲು. ದಾವಣಗೆರೆಯಿಂದ ಚಾಕಣ್ ಸುಮಾರು 600 ಕಿಲೋಮೀಟರ್. ಲೋಡ್ ಬದಲಾಯಿಸಿ ಗುರುವಾರ ರಾತ್ರಿ ಹೊರಟರೆ ದಿನಕ್ಕೆ 300 ಕಿಲೋಮೀಟರ್ ಲೆಕ್ಕದಲ್ಲಿ ಶನಿವಾರ ರಾತ್ರಿ. ಭಾನುವಾರ ಅವರ ಗೇಟ್ ತೆರೆಯಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ 10. ಟಿಪ್ಪಣಿಯನ್ನು ಹಾಗೇ ನಂಬಿದ್ದರೆ ಕ್ಷಮೆ ಕೇಳುವ ಪತ್ರದಲ್ಲೇ ಇನ್ನೊಂದು ಸುಳ್ಳು ಮಾತು ಕೊಟ್ಟಂತಾಗುತ್ತಿತ್ತು.

ಲೆಕ್ಕ ಹಾಕುವಾಗ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ, ನೆನಪಾಯಿತು. ಹೊಸ ಲಾರಿ ಹೊರಡುವ ಮೊದಲು ಬಿಲ್ಲಿನಲ್ಲಿ ಗಾಡಿಯ ವಿವರ ಬರುವ ಪಾರ್ಟ್ ಬಿಯಲ್ಲಿ ಅದರ ನಂಬರ್ ಹಾಕಬೇಕು. ಭಾವ ಅದನ್ನು ಮಾಡಿಸಿದ್ದರು. ಅವಧಿ ಮಾತ್ರ ನೋಡಿರಲಿಲ್ಲ. 200 ಕಿಲೋಮೀಟರಿಗೆ ಒಂದು ದಿನ, ಪೀಣ್ಯದಿಂದ ಸುಮಾರು 860 ಕಿಲೋಮೀಟರಿಗೆ ಐದು ದಿನ. ಮಂಗಳವಾರದ ಬಿಲ್ ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತದೆ, ಮಾಲು ಇಳಿಯುವುದು ಸೋಮವಾರ! ಮುಗಿಯುವ ಮುಂಚಿನ ಅಥವಾ ಆಮೇಲಿನ 8 ಗಂಟೆಯೊಳಗೆ ವಿಸ್ತರಿಸಬಹುದು. ಭಾನುವಾರ ಸಂಜೆಗೆ ಭಾವ ಅಲಾರಂ ಇಟ್ಟುಕೊಂಡರು.

ಕೊನೆಯಲ್ಲಿ ಭಾವ "ದಯವಿಟ್ಟು ಸಹಕರಿಸಿ ಅಂತ ಸೇರಿಸು" ಅಂದರು. ಬೇಡ ಅಂದೆ. ತಪ್ಪು ನಮ್ಮದು, ಅದೇ ಪತ್ರದಲ್ಲಿ ಅವರಿಂದ ಸಹಕಾರ ಕೇಳುವುದು ಸರಿಯಲ್ಲ ಅಲ್ವಾ? ಅದರ ಬದಲು ದಿನಾ ಬೆಳಿಗ್ಗೆ 9ಕ್ಕೆ ಲಾರಿ ಎಲ್ಲಿದೆ ಅಂತ ಮೆಸೇಜ್ ಕಳಿಸುತ್ತೇವೆ ಎಂದು ಬರೆದೆ. ತಡಕ್ಕೆ ದಂಡದ ಮಾತು ಒಪ್ಪಂದದಲ್ಲಿದೆ, ಅದನ್ನು ಪತ್ರದಲ್ಲಿ ಮುಟ್ಟಲಿಲ್ಲ. ಅದು ಅಕೌಂಟ್ಸ್‌ನವರಿಗೆ ಬಿಟ್ಟದ್ದು.

ಗುರುವಾರ ಸಂಜೆ 7ಕ್ಕೆ ಪತ್ರ ಹೋಯಿತು. ಶುಕ್ರವಾರ ಉತ್ತರ ಬಂತು: ಸೋಮವಾರ 10ಕ್ಕೆ ಗೇಟ್ ಪಾಸ್ ರೆಡಿ ಇರುತ್ತದಂತೆ.