ಗೌರಿ ಹಬ್ಬದ ಹೊಲಿಗೆ ಬುಕಿಂಗ್: ಒಂದು ವಾಟ್ಸಾಪ್ ಮೆಸೇಜಿನ ಹಿಂದಿನ ಲೆಕ್ಕ

ಜುಲೈ 27, ಭಾನುವಾರ

ಹಾಸನದಲ್ಲಿ ನಮ್ಮದು ಸಣ್ಣ ಟೈಲರ್ ಅಂಗಡಿ. ಒಂದು ಮೋಟಾರ್ ಮಿಷನ್ನು, ಒಂದು ಕಾಲಲ್ಲಿ ತುಳಿಯೋದು. ಕಟಿಂಗ್, ಹೊಲಿಗೆ ನನ್ನದು. ಹೆಮ್ಮಿಂಗ್ ಮಾಡೋಕೆ, ಹುಕ್ಸ್ ಹಾಕೋಕೆ ಹಿಂದಿನ ಬೀದಿಯ ಹುಡುಗಿ ಬರುತ್ತಾಳೆ. 2025ರಲ್ಲಿ ಗೌರಿ ಹಬ್ಬ ಆಗಸ್ಟ್ 26, ಮಂಗಳವಾರ ಬಂದಿದೆ. ಅದರ ಬುಕಿಂಗಿಗೆ ಈ ಸಲ ಒಂದು ಬ್ರಾಡ್‌ಕಾಸ್ಟ್ ಮೆಸೇಜ್ ಸರಿಯಾಗಿ ಬರೆದು ಕಳಿಸೋಣ ಅಂತ ಕೂತಿದ್ದೇನೆ.

ಬರೆಯೋಕೆ ಮೊದಲು ಲೆಕ್ಕ. ಎಷ್ಟು ಹೊಲಿಯೋಕಾಗುತ್ತೆ ಅಂತ ತಿಳಿಯದೆ ಕೊನೆ ದಿನ ಬರೆದರೆ ಅದನ್ನ ಯಾರೂ ನಂಬಲ್ಲ, ನಾವೂ ನಂಬಲ್ಲ.

ಹಬ್ಬದ ದಿನದಿಂದ ಹಿಂದಕ್ಕೆ ಬಂದೆ. ಸೋಮವಾರ 25 ಬರೀ ಆಲ್ಟರೇಷನ್‌ಗೆ, ಹೊಸ ಹೊಲಿಗೆ ಮುಟ್ಟಬಾರದು. ಭಾನುವಾರ 24 ಡೆಲಿವರಿ. ಅಂದರೆ ಶನಿವಾರ 23ಕ್ಕೆ ಕೊನೆಯ ಹುಕ್ಸೂ ಬಿದ್ದಿರಬೇಕು. ಈ ಕಡೆಯಿಂದ ನೋಡಿದರೆ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 8, ಶುಕ್ರವಾರ. ಅಲ್ಲಿವರೆಗೆ ಆ ಹಬ್ಬದ ಬ್ಲೌಸುಗಳೇ ಉಸಿರುಗಟ್ಟಿಸುತ್ತವೆ. ಹಾಗಾಗಿ ಗೌರಿ ಕೆಲಸ ಶುರುವಾಗೋದು ಸೋಮವಾರ 11ರಿಂದ. 15ನೇ ತಾರೀಕು ರಜ, 17 ಭಾನುವಾರ. ಅವನ್ನು ಕಳೆದರೆ ಕೈಯಲ್ಲಿ ಇರೋದು 11 ದಿನ.

ಲೈನಿಂಗ್ ಬ್ಲೌಸ್ ದಿನಕ್ಕೆ ನಾಲ್ಕು ಆಗುತ್ತೆ. ಆರು ಹೊಲಿದ ದಿನಗಳೂ ಇವೆ, ಆದರೆ ಅದನ್ನ ಲೆಕ್ಕಕ್ಕೆ ಹಿಡಿಯಬಾರದು. 11 ದಿನಕ್ಕೆ 44. ಅದರಲ್ಲಿ ಎರಡು ದಿನದ ಕೆಲಸ, ಅಂದರೆ 8, ತೆಗೆದಿಟ್ಟೆ. ಆಗಸ್ಟಿನ ಮಳೆಯಲ್ಲಿ ಕರೆಂಟ್ ಹೋದರೆ ಕಾಲು ಮಿಷನ್ನೇ ಗತಿ, ಕೆಲಸ ಅರ್ಧಕ್ಕೆ ಇಳಿಯುತ್ತೆ. ಹುಡುಗಿಗೂ ಒಂದು ದಿನ ಜ್ವರ ಬರಬಹುದು. ಉಳಿದಿದ್ದು 36.

ಎಲ್ಲ ಬಟ್ಟೆಯೂ ಒಂದೇ ತೂಕ ಅಲ್ಲ. ಸಾದಾ ಬ್ಲೌಸ್ ಅರ್ಧ ಜಾಗ ತಿನ್ನುತ್ತೆ, ಲೈನಿಂಗ್ ಒಂದು. ಪ್ರಿನ್ಸೆಸ್ ಕಟ್, ಪ್ಯಾಡ್, ಪೈಪಿಂಗ್, ಹಿಂದೆ ಡೋರಿ ಅಂದರೆ ಒಂದೂವರೆ. ಮಕ್ಕಳ ಲಂಗ ಬ್ಲೌಸ್ ಎರಡು, ಯಾಕಂದರೆ ಲಂಗದ ನೆರಿಗೆ ಹಿಡಿಯೋದರಲ್ಲೇ ಮಧ್ಯಾಹ್ನ ಕಳೆಯುತ್ತೆ. ಇದು ಬರೀ ನನ್ನ ಪುಸ್ತಕದ ಲೆಕ್ಕ. ಗಿರಾಕಿಗೆ ಹೇಳಿದರೆ ಚೌಕಾಸಿ ಶುರು.

ಜುಲೈ 30, ಬುಧವಾರ

ಕೊನೆ ದಿನ ಆಗಸ್ಟ್ 10, ಭಾನುವಾರ ಅಂತ ಆಯ್ತು. ಕೆಲಸಕ್ಕೆ ಹೋಗೋರಿಗೆ ಭಾನುವಾರವೇ ಅನುಕೂಲ, ವರಮಹಾಲಕ್ಷ್ಮಿ ಗಡಿಬಿಡಿಯೂ ಮುಗಿದಿರುತ್ತೆ.

ಆದರೆ ಯಾವುದಕ್ಕೆ ಕೊನೆ ದಿನ? ಇಲ್ಲೇ ಎಲ್ಲಾ ಜಗಳ ಹುಟ್ಟೋದು. "ಅಕ್ಕಾ, ನಂದೂ ಒಂದು ಬರ್ಕೊಳ್ಳಿ" ಅಂತ ಮೆಸೇಜ್ ಹಾಕಿದರೆ ಬುಕ್ ಆಯ್ತು ಅಂತ ಅವರು ಅಂದುಕೊಳ್ಳುತ್ತಾರೆ. ಬಟ್ಟೆ ಬರೋದು ಹಬ್ಬದ ಹಿಂದಿನ ವಾರ. ಅಷ್ಟರಲ್ಲಿ ಅವರಿಗಾಗಿ ಬಿಟ್ಟ ಜಾಗ ಖಾಲಿ ಹೋಗಿರುತ್ತೆ, ಬೇರೆಯವರನ್ನ ವಾಪಸ್ ಕಳಿಸಿರುತ್ತೇವೆ. ಅದಕ್ಕೆ ಬಟ್ಟೆ, ಅಳತೆ ಬ್ಲೌಸ್, ನೂರು ರೂಪಾಯಿ ಮುಂಗಡ, ಮೂರೂ ಅಂಗಡಿಗೆ ಬಂದರೆ ಮಾತ್ರ ಬುಕಿಂಗ್.

ಬಟ್ಟೆ ಮೊದಲೇ ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಲೈನಿಂಗ್ ಕಾಟನ್ ಬಟ್ಟೆ, ಮೊದಲ ನೀರಿಗೆ ಕುಗ್ಗುತ್ತೆ. ಮೇಲಿನ ರೇಷ್ಮೆ, ಸೆಮಿ ಸಿಲ್ಕ್ ಅಷ್ಟು ಕುಗ್ಗಲ್ಲ. ನೆನೆಸದೆ ಹೊಲಿದು ಕೊಟ್ಟರೆ ಹಬ್ಬದ ದಿನ ಚೆನ್ನಾಗೇ ಕಾಣುತ್ತೆ. ಒಂದು ಸಲ ಒಗೆದ ಮೇಲೆ ಒಳಗಿನದು ಎಳೆದುಕೊಂಡು ಮೇಲಿನ ಬಟ್ಟೆ ಸುಕ್ಕು ಸುಕ್ಕಾಗಿ ನಿಲ್ಲುತ್ತೆ, ಕಂಕುಳ ಹತ್ತಿರ ಬಿಗಿಯುತ್ತೆ. ಆಗ ಏನೂ ಮಾಡೋಕಾಗಲ್ಲ, ಪೂರ್ತಿ ಬಿಚ್ಚಬೇಕು. ಹಾಗಾಗಿ ರಾತ್ರಿ ನೆನೆಸಿ, ಹಿಂಡದೆ ನೇತುಹಾಕಿ, ಒಣಗಿದ ಮೇಲೆ ಇಸ್ತ್ರಿ ಮಾಡಿ ಆಮೇಲೆ ಕಟಿಂಗ್. ಬೇಸಿಗೆಯಲ್ಲಿ ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತೆ. ಈ ಸೋನೆ ಮಳೆಯಲ್ಲಿ ಎರಡು ದಿನ ಆದರೂ ಅಂಚಿನಲ್ಲಿ ತಣ್ಣಗಿರುತ್ತೆ. ಬೆರಳಿಗೆ ಗೊತ್ತಾಗಲ್ಲ, ಕೆನ್ನೆಗೆ ಹಿಡಿದರೆ ಗೊತ್ತಾಗುತ್ತೆ.

ಕುಚ್ಚಿಗೆ ಬೇರೆ ತಾರೀಕು ಬೇಕು. ಅದು ಕೈಕೆಲಸ, ಮನೆಯಲ್ಲಿ ಮಾಡಿಕೊಡೋರಿಗೆ ನಾವು ಕೊಟ್ಟು ಕಳಿಸೋದು. ಬ್ಲೌಸಿಗೆ ಬರೀ ತುಂಡು ಸಾಕು, ಕುಚ್ಚಿಗೆ ಇಡೀ ಸೀರೆ ಬೇಕು. ಫಾಲ್ಸ್, ಪಿಕೋ ಮುಗಿಸಿ ಅವರ ಕೈಗೆ ಹೋಗಿ ವಾಪಸ್ ಬರಬೇಕು. ಕುಚ್ಚಿನ ಸೀರೆ ಆಗಸ್ಟ್ 6, ಬುಧವಾರದೊಳಗೆ ಅಂತ ಇಟ್ಟೆ.

ಇನ್ನು ಮಾತಿನ ವಿಷಯ. "ಹಬ್ಬಕ್ಕೆ ಹದಿನೈದು ದಿನ ಮೊದಲು" ಅಂತ ಬರೆಯಬಾರದು. ಗೌರಿಯಿಂದ ಎಣಿಸೋದೋ, ಗಣೇಶನಿಂದ ಎಣಿಸೋದೋ? "ಬರೋ ಭಾನುವಾರ" ಅನ್ನೋದೂ ಬೇಡ. ಮೆಸೇಜನ್ನ ನಾಲ್ಕು ದಿನ ಬಿಟ್ಟು ಓದೋರಿಗೆ ಅದು ಬೇರೆ ಭಾನುವಾರ ಆಗಿರುತ್ತೆ. ತಾರೀಕು, ವಾರ, ಗಂಟೆ, ಮೂರೂ ಇರಬೇಕು.

ಜುಲೈ 31, ಗುರುವಾರ

ಸಂಜೆ ಕಳಿಸಿದ್ದು ಇದು:

```
*ಗೌರಿ ಹಬ್ಬದ ಬ್ಲೌಸ್: ಕೊನೆ ದಿನ ಆಗಸ್ಟ್ 10, ಭಾನುವಾರ ಸಂಜೆ 7*
ಬಟ್ಟೆ, ಅಳತೆ ಬ್ಲೌಸ್, ₹100 ಮುಂಗಡ ಅಂಗಡಿಗೆ ಬಂದ ಮೇಲೇ ಬುಕಿಂಗ್.
ಜಾಗ ಕಡಿಮೆ ಇದೆ. ಭರ್ತಿಯಾದರೆ 10ಕ್ಕಿಂತ ಮೊದಲೇ ನಿಲ್ಲಿಸುತ್ತೇವೆ.
ಕುಚ್ಚು ಬೇಕಿದ್ದರೆ ಸೀರೆ ಆಗಸ್ಟ್ 6, ಬುಧವಾರದೊಳಗೆ ಕೊಡಿ.
ಡೆಲಿವರಿ: ಆಗಸ್ಟ್ 24, ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 7.
ಅಂದೇ ಹಾಕಿ ನೋಡಿ. ಆಲ್ಟರೇಷನ್ ಸೋಮವಾರ 25.
10ರ ನಂತರ ಬಂದ ಬಟ್ಟೆ ಹಬ್ಬ ಆದ ಮೇಲೆ, ಆಗಸ್ಟ್ 29ರಿಂದ.
ಹೆಸರು, ಎಷ್ಟು ಬ್ಲೌಸ್, ಲೈನಿಂಗ್ ಅಥವಾ ಸಾದಾ: ಇಲ್ಲೇ ತಿಳಿಸಿ.
```

ದೀಪದ ಚಿತ್ರ, ಹೂವಿನ ಚಿತ್ರ, "ಆತ್ಮೀಯ ಗ್ರಾಹಕರೇ" ಒಂದೂ ಹಾಕಲಿಲ್ಲ. ಫೋನಿನ ಮೇಲ್ಗಡೆ ನೋಟಿಫಿಕೇಶನ್ ಬಂದಾಗ ಕಾಣೋದು ಮೊದಲ ಸಾಲು ಮಾತ್ರ. ಅಲ್ಲಿ ನಮಸ್ಕಾರ ಇದ್ದರೆ ತಾರೀಕು ಕಾಣಲ್ಲ. ಮೆಸೇಜ್ ಉದ್ದ ಆದರೆ ಕೆಳಗಿನದು ಮಡಚಿಕೊಳ್ಳುತ್ತೆ, ಒತ್ತಿ ಬಿಡಿಸಿ ಓದೋರು ಕಡಿಮೆ. ಮೊದಲ ಸಾಲು ದಪ್ಪ ಅಕ್ಷರದಲ್ಲಿ ಬರೋಕೆ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಹಾಕಿದ್ದೇನೆ. ನಕ್ಷತ್ರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಟ್ಟರೆ ದಪ್ಪ ಆಗಲ್ಲ, ಬರೀ ನಕ್ಷತ್ರ ಕಾಣುತ್ತೆ.

36 ಅನ್ನೋ ಸಂಖ್ಯೆ ಬರೆಯಲಿಲ್ಲ. ಬರೆದರೆ "ಇನ್ನೂ 36 ಇದೆಯಲ್ಲ" ಅಂತ ಸುಮ್ನೆ ಕೂರುತ್ತಾರೆ.

ಆಗಸ್ಟ್ 2, ಶನಿವಾರ

ಒಂದು ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರವರೆಗೆ ಸೇರಿಸಬಹುದು, ನಮ್ಮ ಗಿರಾಕಿಗಳೆಲ್ಲ ಒಂದರಲ್ಲೇ ಹಿಡಿದರು. ಗ್ರೂಪ್ ಮಾಡಲಿಲ್ಲ. ಗ್ರೂಪಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತೆ, ರೇಟಿನ ಚರ್ಚೆ ಎಲ್ಲರ ಮುಂದೆ ನಡೆಯುತ್ತೆ. ಬ್ರಾಡ್‌ಕಾಸ್ಟಲ್ಲಿ ಉತ್ತರ ನನಗೊಬ್ಬಳಿಗೇ ಬರುತ್ತೆ.

ಆದರೆ ಒಂದು ಕೊಕ್ಕೆ ಇದೆ. ನಮ್ಮ ನಂಬರನ್ನ ಅವರು ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಬ್ರಾಡ್‌ಕಾಸ್ಟ್ ಅವರಿಗೆ ಹೋಗೋದೇ ಇಲ್ಲ, ಹೋಗಿಲ್ಲ ಅಂತ ನಮಗೆ ಯಾರೂ ಹೇಳೋದೂ ಇಲ್ಲ. ಕಳಿಸಿದ ಮೆಸೇಜನ್ನ ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರ್ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಅಂತ ಹೆಸರು ಬರುತ್ತೆ. ಎರಡು ದಿನ ಆದರೂ ಆ ಪಟ್ಟಿಯಲ್ಲಿ ಇಲ್ಲದವರು, ಆದರೆ ವಾಟ್ಸಾಪ್ ದಿನಾ ನೋಡೋರು ಅಂದರೆ, ನಂಬರ್ ಸೇವ್ ಆಗಿಲ್ಲ ಅಂತಲೇ ಅರ್ಥ. ಅಂಥವರಲ್ಲಿ ಖಾಯಂ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಿದೆ. ಹಾಗೆ ಕಳಿಸಿದ್ದು ಸೇವ್ ಇಲ್ಲದಿದ್ದರೂ ತಲುಪುತ್ತೆ. ಇನ್ನು ಮೇಲೆ ಬಿಲ್ಲಿನ ಹಿಂದೆ "ಈ ನಂಬರ್ ಸೇವ್ ಮಾಡಿಕೊಳ್ಳಿ" ಅಂತ ಸೀಲ್ ಹೊಡೆಯೋದು.

ಆಗಸ್ಟ್ 10, ಭಾನುವಾರ ರಾತ್ರಿ

ನಿನ್ನೆ ಬೆಳಿಗ್ಗೆ ಪುಸ್ತಕದಲ್ಲಿ 29½ ತುಂಬಿತ್ತು. ಇನ್ನೂ ಬಟ್ಟೆ ಕೊಡದವರಿಗೆ ಮಾತ್ರ ಎರಡನೇ ಲಿಸ್ಟ್ ಮಾಡಿ "ನಾಳೆ ಸಂಜೆ 7ಕ್ಕೆ ಬುಕಿಂಗ್ ಮುಗಿಯುತ್ತೆ, ಆರು ಬ್ಲೌಸಿಗೆ ಜಾಗ ಇದೆ" ಅಂತ ಎರಡೇ ಸಾಲು ಕಳಿಸಿದೆ. ಈಗ ಸಂಖ್ಯೆ ಹಾಕಿದ್ದು ಬೇಕಂತಲೇ. ಕಡಿಮೆ ಉಳಿದಾಗ ಸಂಖ್ಯೆ ಕೆಲಸ ಮಾಡುತ್ತೆ. ಈಗಾಗಲೇ ಕೊಟ್ಟವರಿಗೆ ಮತ್ತೆ ಕಳಿಸಿದರೆ "ನಂದು ಬರ್ಕೊಂಡಿಲ್ವಾ?" ಅಂತ ಫೋನು ಶುರುವಾಗುತ್ತೆ.

ರಾತ್ರಿ ಒಬ್ಬರು ಟೀಚರ್ ವಾಯ್ಸ್ ಮೆಸೇಜ್ ಹಾಕಿದರು. ಅವರದು ಎರಡು ಲೈನಿಂಗ್ ಬ್ಲೌಸ್, ಮಗಳದೊಂದು ಲಂಗ ಬ್ಲೌಸ್. ನನ್ನ ಲೆಕ್ಕದಲ್ಲಿ ನಾಲ್ಕು. ಆದರೆ ಒಂದು ಸೀರೆ ಸಕಲೇಶಪುರದಲ್ಲಿ ತಂಗಿ ಮನೆಯಲ್ಲಿದೆ, ಬುಧವಾರ ಬರುತ್ತೆ.

"ಅಕ್ಕಾ, ಹೆಸರಂತೂ ಬರ್ಕೊಂಡಿರಿ, ಬಟ್ಟೆ ತಂದ್ಕೊಡ್ತೀನಿ."

"ಮೇಡಂ, ಇರೋದನ್ನ ನಾಳೆ ತನ್ನಿ, ಹಬ್ಬಕ್ಕೆ ಗ್ಯಾರಂಟಿ. ಸಕಲೇಶಪುರದ್ದು 29ರ ಮೇಲೆ."

ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಪಾಪುದು ಆದ್ರೆ ಸಾಕು ಬಿಡಿ" ಅಂದರು. ಇವತ್ತು ಆರೂವರೆಗೆ ಲಂಗದ ಬಟ್ಟೆ, ಒಂದು ಬ್ಲೌಸ್ ಪೀಸು ಬಂತು. ಮೆಸೇಜಿನಲ್ಲಿ 29ರ ಸಾಲು ಇಲ್ಲದಿದ್ದರೆ ನಾನು "ಆಗಲ್ಲ" ಅನ್ನಬೇಕಿತ್ತು, ಅವರು "ಹೇಗಾದ್ರೂ ಮಾಡಿ" ಅನ್ನುತ್ತಿದ್ದರು. ಇನ್ನೊಂದು ತಾರೀಕು ಕೈಗೆ ಕೊಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತೆ. ಏಳು ಗಂಟೆಗೆ ಪುಸ್ತಕ ಮುಚ್ಚಿದಾಗ 34½.

ಆಗಸ್ಟ್ 19, ಮಂಗಳವಾರ

ಮಳೆ ಬಿಟ್ಟಿಲ್ಲ. ಅಂಗಡಿ ಒಳಗೇ ಹಗ್ಗ ಕಟ್ಟಿ ಲೈನಿಂಗ್ ಒಣಗಿಸಿದ್ದಾಯ್ತು, ತಲೆ ಬಗ್ಗಿಸಿಕೊಂಡೇ ಓಡಾಡಬೇಕು. ತೆಗೆದಿಟ್ಟ ಎಂಟರಲ್ಲಿ ಐದು ಕರಗಿದೆ. ಒಂದು ದಿನ ಕರೆಂಟ್ ಇಲ್ಲ, ಇನ್ನೊಂದು ದಿನ ಓವರ್‌ಲಾಕ್ ಕೈಕೊಟ್ಟಿತು.

ತಡವಾಗಿ ಬಂದವರ ಬಟ್ಟೆಗೆ ಬೇರೆ ಕವರ್, ಮೇಲೆ 29 ಅಂತ ಚೀಟಿ. ಹಬ್ಬದ ಬಟ್ಟೆ ಇರೋ ಶೆಲ್ಫಿನಲ್ಲಿ ಅದನ್ನ ಇಡೋದೇ ಇಲ್ಲ. ಒಂದೇ ಕಡೆ ಇದ್ದರೆ ಕೈ ಸುಲಭದ್ದನ್ನೇ ಎತ್ತಿಕೊಳ್ಳುತ್ತೆ.

ಆಗಸ್ಟ್ 25, ಸೋಮವಾರ

ನಿನ್ನೆ ಸಂಜೆಗೆ ಮೂರು ಬ್ಲೌಸ್ ಬಿಟ್ಟು ಎಲ್ಲಾ ಹೋಯ್ತು. ಇವತ್ತಿನ ಆಲ್ಟರೇಷನ್ ಹೆಚ್ಚಿನವು ತೋಳು ಬಿಗಿ, ಎದೆ ಬಿಗಿ. ಹಳೇ ಅಳತೆ ಬ್ಲೌಸ್ ಕೊಟ್ಟರೆ ಹೀಗೇ, ಬ್ಲೌಸ್ ಅಷ್ಟೇ ಇರುತ್ತೆ, ಮೈ ಇರಲ್ಲ. ಪಕ್ಕದಲ್ಲಿ ಒಂದಿಂಚು ಮಾರ್ಜಿನ್ ಬಿಟ್ಟಿದ್ದರಿಂದ ಒಂದು ಹೊಲಿಗೆ ಬಿಚ್ಚಿದರೆ ಮುಗೀತು. ಮುಂದಿನ ಮೆಸೇಜಿನಲ್ಲಿ "ಈಗ ಸರಿಯಾಗಿ ಕೂರುವ ಅಳತೆ ಬ್ಲೌಸ್" ಅಂತ ಬರೆಯಬೇಕು.

ಮುಂದಿನದು ದೀಪಾವಳಿ. ನಮ್ಮೂರಲ್ಲಿ ಅದಕ್ಕೂ ಮೊದಲೇ ಹಾಸನಾಂಬೆ ಬಾಗಿಲು ತೆಗೆಯುತ್ತಾರೆ, ಈ ವರ್ಷ ಅಕ್ಟೋಬರ್ 9ಕ್ಕೆ. ದರ್ಶನಕ್ಕೆ ನೆಂಟರು ಬರೋ ಮನೆಗಳಿಗೆ ಬ್ಲೌಸ್ ಅಷ್ಟರೊಳಗೇ ಬೇಕು, ಉಳಿದವರಿಗೆ ಹಬ್ಬಕ್ಕೆ ಸಾಕು. ಹಾಗಾಗಿ ಎರಡು ಡೆಲಿವರಿ ದಿನ, ಎರಡು ಕೊನೆ ದಿನ. ಒಂದೇ ಮೆಸೇಜಲ್ಲಿ ಎರಡನ್ನೂ ತುರುಕಿದರೆ ಓದೋರು ತಮಗೆ ಅನುಕೂಲವಾದ ತಾರೀಕನ್ನೇ ನೆನಪಿಟ್ಟುಕೊಳ್ಳುತ್ತಾರೆ. ಬೇರೆ ಬೇರೆ ದಿನ ಎರಡು ಮೆಸೇಜ್ ಕಳಿಸೋದು ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಸೆಪ್ಟೆಂಬರ್ ಮೊದಲ ವಾರ ಲೆಕ್ಕಕ್ಕೆ ಕೂರಬೇಕು.