ಮೂರನೆಯ ಸಲ ಬರೆದ ಪತ್ರ

ಗುಳೇದಗುಡ್ಡ, 31 ಜನವರಿ 2025, ಶುಕ್ರವಾರ ರಾತ್ರಿ

ಸಂಜೆಯಿಂದ ಒಂದೇ ಪತ್ರವನ್ನು ಮೂರು ಸಲ ಬರೆದಿದ್ದೇನೆ. ನಿನ್ನೆ ಆರನೆಯ ತರಗತಿಯ ಆ ಹುಡುಗನ ತಂದೆ ಗಣಿತದ ಅಂಕಪಟ್ಟಿ ಹಿಡಿದು ಬಂದಿದ್ದರು. ಮಗನಿಗೆ 25ಕ್ಕೆ 10, ತರಗತಿಯ ಸರಾಸರಿ 13.4. "ಅಕ್ಕೋರೇ, ಎಲ್ಲರಿಗೂ ಹದಿಮೂರು ಬಂದಿರುವಾಗ ಇವನೊಬ್ಬನೇ ಏಕೆ ಹೀಗೆ?" ಎಂದು ಕೇಳಿದರು. ಹುಡುಗ ಬಾಗಿಲ ಮರೆಯಲ್ಲಿ ನಿಂತಿದ್ದ.

ಆ 'ಎಲ್ಲರಿಗೂ' ಎಂಬ ಮಾತು ಇನ್ನೂ ಕೊರೆಯುತ್ತಿದೆ. ಸರಾಸರಿ ಎಂದರೆ 21 ಮಕ್ಕಳ 282 ಅಂಕಗಳನ್ನು ಒಂದೆಡೆ ಸುರಿದು ಸಮನಾಗಿ ಹಂಚಿದರೆ ಸಿಗುವ ಪಾಲು, ಅಷ್ಟೆ. ಐವರಿಗೆ 22 ಮತ್ತು ಅದಕ್ಕಿಂತ ಹೆಚ್ಚು ಬಂದಿದೆ. ಉಳಿದ ಹದಿನಾರು ಮಕ್ಕಳಲ್ಲಿ ಒಬ್ಬರೂ 14 ದಾಟಿಲ್ಲ. ಆ ಐವರೇ ಸರಾಸರಿಯನ್ನು ಮೇಲಕ್ಕೆಳೆದಿದ್ದಾರೆ. 15 ಮಕ್ಕಳು ಅದರ ಕೆಳಗಿದ್ದಾರೆ. ಪ್ರಾರ್ಥನೆಗೆ ಎತ್ತರ ನೋಡಿ ನಿಲ್ಲಿಸುವ ಹಾಗೆ ಅಂಕಗಳನ್ನು ಸಾಲಾಗಿಟ್ಟರೆ ನಟ್ಟನಡುವಿನ ಹನ್ನೊಂದನೆಯ ಅಂಕ 12. ಅದು ಮಧ್ಯಾಂಕ. ಮೊದಲಿಗನಿಗೆ 25ರ ಬದಲು 15 ಬಂದಿದ್ದರೂ ಅದು ಕದಲುತ್ತಿರಲಿಲ್ಲ.

ಮೊದಲ ಎರಡು ಪತ್ರಗಳನ್ನು ಇಲ್ಲಿಗೇ ಮುಗಿಸಿದ್ದೆ. ಓದಿದಾಗ ಬರೀ ಸಮಾಧಾನದ ಮಾತು ಎನ್ನಿಸಿತು. ಹುಡುಗ ಮಧ್ಯಾಂಕಕ್ಕಿಂತಲೂ ಎರಡು ಅಂಕ ಕೆಳಗಿದ್ದಾನಲ್ಲ!

ಉತ್ತರ ಪತ್ರಿಕೆ ತೆಗೆದೆ. ಕಳೆದುಕೊಂಡ 15 ಅಂಕಗಳಲ್ಲಿ ಆರು ಒಂದೇ ತಪ್ಪಿಗೆ ಹೋಗಿವೆ. 1/2 + 1/3 = 2/5 ಎಂದು ಬರೆದಿದ್ದಾನೆ; ಮೂರೂ ಲೆಕ್ಕಗಳಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂದು ಅವನನ್ನು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ. ಛೇದಗಳನ್ನು ಸಮ ಮಾಡುವುದನ್ನು ಕಲಿಸಿದ ವಾರ ಅವನು ಬನಶಂಕರಿ ಜಾತ್ರೆಯಲ್ಲಿ ತಂದೆಯ ಖಣದ ಅಂಗಡಿಯಲ್ಲಿದ್ದ. ಆ ಆರು ಅಂಕ ಬಂದಿದ್ದರೆ 16 ಆಗುತ್ತಿತ್ತು, ಸರಾಸರಿಯನ್ನೂ ಮಧ್ಯಾಂಕವನ್ನೂ ದಾಟುತ್ತಿದ್ದ.

ಜಾತ್ರೆಗೆ ಕರೆದೊಯ್ಯಬೇಡಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವರ ವರ್ಷದ ವ್ಯಾಪಾರ ಅದು. ಸೋಮವಾರದಿಂದ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನಿಲ್ಲಿಸಿಕೊಳ್ಳುತ್ತೇನೆ, ಕಾಗದದ ಪಟ್ಟಿ ಮಡಚಿ ತೋರಿಸುತ್ತೇನೆ, ದಯವಿಟ್ಟು ಮನೆಯಲ್ಲಿ ಅವನನ್ನು ಬೈಯಬೇಡಿ ಎಂದಷ್ಟೇ ಬರೆದೆ. ಉಳಿದ ಒಂಬತ್ತು ಅಂಕಗಳ ವಿಷಯವನ್ನೂ ಮುಚ್ಚಿಡಲಿಲ್ಲ: ನಾಲ್ಕು ಅಂಕಗಳ ಲೆಕ್ಕಗಳನ್ನು ಅವನು ಮುಟ್ಟಿಯೇ ಇಲ್ಲ, ಐದು ಅಂಕ ಗುಣಾಕಾರದಲ್ಲಿ ಹೋಗಿವೆ.

ಲಕೋಟೆ ಅಂಟಿಸಿಯಾಯಿತು. ಆದರೆ 14ರಿಂದ 22ರ ನಡುವೆ ಒಬ್ಬರೂ ಇಲ್ಲವಲ್ಲ, ಆ ಖಾಲಿ ಜಾಗ ಕಣ್ಣೆದುರಿನಿಂದ ಸರಿಯುತ್ತಿಲ್ಲ. ಹಾಜರಿ ಪುಸ್ತಕ ತೆರೆದು ಕುಳಿತಿದ್ದೇನೆ. ಜಾತ್ರೆಯ ಆ ವಾರ ಇನ್ನೂ ನಾಲ್ವರ ಹೆಸರಿನ ಮುಂದೆ ಗೈರುಹಾಜರಿಯ ಗುರುತಿದೆ.